ಮೂರು ವರ್ಷದ ಬಳಿಕ ನಿಮ್ಮ ಫೋನಿಗೆ ಎಷ್ಟು ಸಿಗುತ್ತದೆ?

2022ರ ಈದುಲ್ ಫಿತ್ರ್ ಸಂದರ್ಭದಲ್ಲಿ ನಮ್ಮ ಕುಟುಂಬದ ಇಬ್ಬರು ಹೆಣ್ಣುಮಕ್ಕಳು ಹೊಸ ಫೋನ್ ಕೊಂಡರು. ಒಬ್ಬರು ತಿಕೋಟಾದಲ್ಲಿರುವ ನನ್ನ ಆಪಾ. ಇನ್ನೊಬ್ಬಳು ಬಬಲೇಶ್ವರಕ್ಕೆ ಮದುವೆಯಾಗಿ ಹೋದ ನನ್ನ ತಂಗಿ. ಇಬ್ಬರೂ ವಿಜಯಪುರದ ಗಾಂಧಿ ಚೌಕದ ಕಡೆಯ ಒಂದೇ ಅಂಗಡಿಯಲ್ಲಿ, ಒಂದೇ ದಿನ ಕೊಂಡರು. ಆಪಾ ಕೊಟ್ಟದ್ದು 17,000 ರೂಪಾಯಿ, ತಂಗಿ ಕೊಟ್ಟದ್ದು 23,000. ಆಪಾಳ ಫೋನಿನಲ್ಲಿ 108 ಮೆಗಾಪಿಕ್ಸೆಲ್ ಕ್ಯಾಮೆರಾ ಇತ್ತು, ಚಾರ್ಜ್ ಬೇಗನೆ ಆಗುತ್ತಿತ್ತು. ತಂಗಿಯದರಲ್ಲಿ 48 ಮೆಗಾಪಿಕ್ಸೆಲ್ ಕ್ಯಾಮೆರಾ, ಚಾರ್ಜರೂ ನಿಧಾನದ್ದು. ಹೊಲಿಗೆಯಿಂದ ಕೂಡಿಸಿಟ್ಟ ಹಣದಲ್ಲಿ ಆರು ಸಾವಿರ ಹೆಚ್ಚು ಕೊಟ್ಟು ಕಡಿಮೆ ಕ್ಯಾಮೆರಾದ ಫೋನ್ ತಂದಳೆಂದು ಮನೆಮಂದಿಯೆಲ್ಲ ಅವಳನ್ನು ಚೇಡಿಸಿದೆವು. ಚೇಡಿಸಿದವರಲ್ಲಿ ನಾನೂ ಒಬ್ಬಳು.

2025ರ ಮೇ ತಿಂಗಳಲ್ಲಿ ಇಬ್ಬರೂ ಆ ಫೋನುಗಳನ್ನು ವಿನಿಮಯಕ್ಕೆ ಕೊಟ್ಟರು. ಜೊತೆಗೆ ನಾನೂ ಹೋಗಿದ್ದೆ. ಆಪಾಳ ಫೋನಿಗೆ 3,000 ರೂಪಾಯಿ ಸಿಕ್ಕಿತು. ತಂಗಿಯ ಫೋನಿಗೆ 7,800 ಸಿಕ್ಕಿತು.

ಆಪಾಳ ಮುಖ ಬಾಡಿತು. ಮಗಳು ಪಿಯುಸಿಗೆ ಸೇರುವವಳಿದ್ದಳು, ಹಳೆಯ ಫೋನಿನ ದುಡ್ಡಿನ ಮೇಲೆ ಆಕೆ ಒಂದಿಷ್ಟು ಲೆಕ್ಕ ಹಾಕಿಕೊಂಡಿದ್ದಳು. ಅಂಗಡಿಯವರು ಮೋಸ ಮಾಡುತ್ತಿದ್ದಾರೇನೋ ಎಂಬ ಅನುಮಾನ ನನಗೂ ಬಂತು. ಹಾಗಾಗಿ ಲೆಕ್ಕ ಕೇಳಿದೆ. ಆತ ಬೇಸರಪಡದೆ ಎರಡೂ ಫೋನುಗಳನ್ನು ಪಕ್ಕಪಕ್ಕ ಇಟ್ಟು ವಿವರಿಸಿದರು.

ಪ್ರತಿ ಮಾದರಿಗೂ ಒಂದು ಮೂಲ ಬೆಲೆ ಇರುತ್ತದೆ. ಯಾವ ದೋಷವೂ ಇಲ್ಲದಿದ್ದರೆ ಕೊಡುವ ಬೆಲೆ ಅದು. ಆಪಾಳ ಫೋನಿನ ಮೂಲ ಬೆಲೆ ಅವರ ಪಟ್ಟಿಯಲ್ಲಿ 4,000 ಇತ್ತು. ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಸ್ವಲ್ಪ ಎದ್ದಿದ್ದರಿಂದ 1,000 ಕಳೆದರು. ತಂಗಿಯ ಫೋನಿನ ಮೂಲ ಬೆಲೆ 8,500. ಅಂಚು ತರಚಿದ್ದಕ್ಕೆ, ಬ್ಯಾಟರಿ ಬೇಗ ಇಳಿಯುವುದಕ್ಕೆ 700 ಕಳೆದರು. ಬ್ಯಾಟರಿಯ ವಿಷಯ ಅವರು ಕೇಳಿರಲಿಲ್ಲ, ತಂಗಿಯೇ ಹೇಳಿದಳು. ಸರಕಿನ ಐಬು ಮುಚ್ಚಿಟ್ಟು ಮಾರುವುದು ನಮ್ಮಲ್ಲಿ ಸಲ್ಲದು ಎಂಬುದು ನಿಮಗೆ ಗೊತ್ತೇ ಇದೆ.

ಈಗ ಸ್ವಲ್ಪ ಗಮನವಿಟ್ಟು ನೋಡಿ. ಇಬ್ಬರಿಗೂ ಸಿಕ್ಕ ಹಣದ ನಡುವಿನ ಅಂತರ 4,800 ರೂಪಾಯಿ. ಅದರಲ್ಲಿ ಫೋನನ್ನು ಹೇಗೆ ಇಟ್ಟುಕೊಂಡರು ಎಂಬುದರಿಂದ ಬಂದದ್ದು ಬರೀ 300. ಉಳಿದ 4,500 ರೂಪಾಯಿ ಅಂತರ ಕೊಂಡ ದಿನವೇ ನಿರ್ಧಾರವಾಗಿಬಿಟ್ಟಿತ್ತು. ದುಬಾರಿ ಫೋನಿಗೆ ಹೆಚ್ಚು ಬಂದರೆ ಅದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ಕೊಟ್ಟ ಪ್ರತಿ ನೂರು ರೂಪಾಯಿಗೆ ಲೆಕ್ಕ ಹಾಕಿದರೂ ಆಪಾಳ ಫೋನಿನ ಮೂಲ ಬೆಲೆ ಸುಮಾರು 24 ರೂಪಾಯಿ, ತಂಗಿಯದು 37 ರೂಪಾಯಿ ಬರುತ್ತದೆ. ಈ ವ್ಯತ್ಯಾಸಕ್ಕೆ ಕಾರಣವೇನು?

"ನೋಡ್ರಿ ಟೀಚರ್, ಇದನ್ನ ನಾ ಏನ್ ಮನ್ಯಾಗ ಇಟ್ಕೊಳ್ಳಾಕ ತೊಗೊಳ್ಳಲ್ರಿ. ನಾಳೆ ಒಬ್ಬ ಕಾಲೇಜ್ ಹುಡುಗಗ ಮಾರಬೇಕು. ಅವ ಇನ್ನೂ ಎರಡು ವರ್ಷ ಬಳಸಬೇಕು. ಆ ಎರಡು ವರ್ಷ ಇದರಾಗ ಐತೋ ಇಲ್ಲೋ ಅಷ್ಟ ನೋಡ್ತೀನ್ರಿ" ಎಂದರು ಅಂಗಡಿಯವರು. ಅವರು ನೋಡಿದ್ದು ಮುಖ್ಯವಾಗಿ ಮೂರು ಸಂಗತಿ. ಕ್ಯಾಮೆರಾ ಅದರಲ್ಲಿ ಇರಲಿಲ್ಲ. ಲೆನ್ಸ್ ಒಡೆದಿದೆಯೇ, ಫೋಟೊ ಮಸುಕಾಗುತ್ತದೆಯೇ ಎಂದು ಪರೀಕ್ಷಿಸಿದರೇ ಹೊರತು ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳಲೇ ಇಲ್ಲ.

ಅವರು ಮೊದಲು ನೋಡಿದ್ದು ಆಂಡ್ರಾಯ್ಡ್ ಅಪ್‌ಡೇಟ್. ಪ್ರತಿ ಫೋನಿಗೂ ಅದರ ಕಂಪೆನಿ ಕೆಲವು ವರ್ಷಗಳ ಕಾಲ ಹೊಸ ಆವೃತ್ತಿಗಳನ್ನೂ ಭದ್ರತಾ ಅಪ್‌ಡೇಟ್‌ಗಳನ್ನೂ ಕಳುಹಿಸುತ್ತದೆ. ಅದು ನಿಂತ ಮೇಲೂ ಫೋನ್ ನಡೆಯುತ್ತದೆ, ಕರೆ ಬರುತ್ತದೆ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳಿಗೆ ಮದ್ದು ಸಿಗುವುದಿಲ್ಲ. ಕ್ರಮೇಣ ಬ್ಯಾಂಕಿನ ಮತ್ತು ಹಣ ಕಳುಹಿಸುವ ಆ್ಯಪ್‌ಗಳು ಹಳೆಯ ಆಂಡ್ರಾಯ್ಡ್‌ನಲ್ಲಿ ನಡೆಯದೆ ಹೋಗುತ್ತವೆ. ಎರಡನೆಯ ಕೈಗೆ ಕೊಳ್ಳುವವನಿಗೆ ಬೇಕಾಗಿರುವುದೇ ಈ ಆ್ಯಪ್‌ಗಳು. ಆಪಾಳ ಫೋನಿಗೆ ಸಿಕ್ಕಿದ್ದು ಎರಡೇ ಹೊಸ ಆವೃತ್ತಿ. ವಿನಿಮಯಕ್ಕೆ ಕೊಡುವಾಗ ಭದ್ರತಾ ಅಪ್‌ಡೇಟ್ ನಿಂತು ತಿಂಗಳುಗಳೇ ಆಗಿದ್ದವು. ತಂಗಿಯದಕ್ಕೆ ಮೂರು ಆವೃತ್ತಿ, ನಾಲ್ಕು ವರ್ಷದ ಭದ್ರತೆ ಇತ್ತು. ಅಂದರೆ ಮಾರುವ ದಿನ ಇನ್ನೂ ಒಂದು ವರ್ಷ ಉಳಿದಿತ್ತು.

ಇಲ್ಲಿ ನಮ್ಮಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಈ ವರ್ಷಗಳನ್ನು ಎಣಿಸುವುದು ನೀವು ಫೋನ್ ಕೊಂಡ ದಿನದಿಂದಲ್ಲ. ಆ ಮಾದರಿ ಮೊದಲು ಮಾರುಕಟ್ಟೆಗೆ ಬಂದ ದಿನದಿಂದ. 2022ರ ಜನವರಿಯಲ್ಲಿ ಬಂದ, ನಾಲ್ಕು ವರ್ಷದ ಭದ್ರತೆ ಇರುವ ಫೋನನ್ನು 2023ರ ಡಿಸೆಂಬರ್‌ನಲ್ಲಿ ರಿಯಾಯಿತಿ ದರದಲ್ಲಿ ಕೊಂಡಿರೆಂದು ಇಟ್ಟುಕೊಳ್ಳಿ. ಎರಡು ಸಾವಿರ ಉಳಿಯಿತೆಂದು ಸಂತೋಷಪಡುತ್ತೀರಿ. ಆದರೆ ಅದರ ಭದ್ರತೆ 2026ರ ಜನವರಿಗೇ ಮುಗಿಯುತ್ತದೆ. ನಿಮ್ಮ ಕೈಯಲ್ಲಿ ಅದಕ್ಕೆ ಸಿಕ್ಕಿದ್ದು ಎರಡು ವರ್ಷ ಒಂದು ತಿಂಗಳು ಮಾತ್ರ. ಮೂರು ವರ್ಷ ಬಳಸಿ ಮಾರಲು ಹೋಗುವಾಗ ಅದರಲ್ಲಿ ಏನೂ ಉಳಿದಿರುವುದಿಲ್ಲ. ಹಬ್ಬದ ರಿಯಾಯಿತಿಯಲ್ಲಿ ಬರುವ ಫೋನುಗಳಲ್ಲಿ ಇಂಥವು ಇರುತ್ತವೆ. ಆದ್ದರಿಂದ ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳಿ: ಈ ಮಾದರಿ ಬಂದದ್ದು ಯಾವ ತಿಂಗಳು? ಅಪ್‌ಡೇಟ್ ಎಷ್ಟು ವರ್ಷ? ಎರಡನ್ನೂ ಕೂಡಿಸಿ, ನೀವು ಮಾರಬೇಕೆಂದಿರುವ ವರ್ಷವನ್ನು ಅದರಿಂದ ಕಳೆಯಿರಿ. ಕನಿಷ್ಠ ಒಂದು ವರ್ಷವಾದರೂ ಉಳಿಯಬೇಕು.

ಹಿಂದೆ ಹೀಗೆ ಹೆಚ್ಚು ವರ್ಷದ ಭರವಸೆ ದುಬಾರಿ ಫೋನುಗಳಿಗೇ ಇರುತ್ತಿತ್ತು. 2023ರ ಅಕ್ಟೋಬರ್‌ನಲ್ಲಿ ಬಂದ ಗೂಗಲ್ ಪಿಕ್ಸೆಲ್ 8ಕ್ಕೆ, 2024ರ ಜನವರಿಯಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷ ಎಂದು ಘೋಷಿಸಿದರು. ಅವು ನಮ್ಮ ನಿಮ್ಮ ಮನೆಗೆ ಬರುವ ಫೋನುಗಳಲ್ಲ. ಆದರೆ 2024ರ ಅಕ್ಟೋಬರ್‌ನಲ್ಲಿ ಬಂದ ಗ್ಯಾಲಕ್ಸಿ ಎ16 5ಜಿಗೆ ಆರು ಆವೃತ್ತಿ, ಆರು ವರ್ಷದ ಭದ್ರತೆ ಎಂದರು. ಬಿಡುಗಡೆಯಾದಾಗ ಅದರ ಬೆಲೆ 18,999 ರೂಪಾಯಿ. ಅಂದರೆ 2030ರ ತನಕ ಅಪ್‌ಡೇಟ್. ಅದೇ ಫೋನ್ ಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಇಪ್ಪತ್ತು ಸಾವಿರದೊಳಗೂ ಈ ಪ್ರಶ್ನೆ ಕೇಳುವ ಕಾಲ ಬಂದಿದೆ ಎಂಬುದಕ್ಕೆ ಇದು ಉದಾಹರಣೆ. ಆ್ಯಪಲ್‌ನ ಹಳೆಯ ಐಫೋನುಗಳಿಗೆ ಒಳ್ಳೆಯ ಬೆಲೆ ಸಿಗುವುದರ ಹಿಂದೆ ಇರುವ ಒಂದು ಕಾರಣವೂ ಇದೇ. 2018ರ ಐಫೋನ್ ಎಕ್ಸ್‌ಎಸ್ 2024ರ ಐಒಎಸ್ 18ರ ತನಕ ಹೊಸ ಆವೃತ್ತಿ ಪಡೆಯಿತು. 2025ರ ಆವೃತ್ತಿಯಲ್ಲಷ್ಟೇ ಅದು ಪಟ್ಟಿಯಿಂದ ಹೊರಬಿತ್ತು.

ನಿಮ್ಮ ಕೈಯಲ್ಲಿರುವ ಫೋನಿನ ಸ್ಥಿತಿ ತಿಳಿಯಬೇಕಾದರೆ Settings ತೆರೆದು About phone ಒಳಗೆ ನೋಡಿ. ಅಲ್ಲಿ ಆಂಡ್ರಾಯ್ಡ್ ಆವೃತ್ತಿಯ ಬಳಿಯಲ್ಲಿ ಭದ್ರತಾ ಅಪ್‌ಡೇಟ್‌ನ ದಿನಾಂಕ ಇರುತ್ತದೆ. ಹೊಸ ಅಪ್‌ಡೇಟ್ ಯಾವುದೂ ಬಾಕಿ ಇಲ್ಲದಿದ್ದೂ ಆ ದಿನಾಂಕ ಒಂದು ವರ್ಷಕ್ಕಿಂತ ಹಿಂದಿನದಾಗಿದ್ದರೆ ಕಂಪೆನಿ ಅದರ ಕೈ ಬಿಟ್ಟಿದೆ ಎಂದೇ ತಿಳಿಯಿರಿ. ಮಾರುವ ಆಲೋಚನೆ ಇದ್ದರೆ ಅದನ್ನು ಮುಂದೂಡಬೇಡಿ.

ಎರಡನೆಯದು ಒಳಗಿನ ಸಂಗ್ರಹ. ಆಪಾಳದು 64 ಜಿಬಿ, ತಂಗಿಯದು 128. ಮೆಮೊರಿ ಕಾರ್ಡ್ ಹಾಕಿಕೊಳ್ಳಬಹುದಲ್ಲ ಎಂದು ಆಪಾ ಕೊಳ್ಳುವಾಗ ಒಂದು ಸಾವಿರ ಉಳಿಸಿದ್ದಳು. ಕಾರ್ಡಿನಲ್ಲಿ ಫೋಟೊ, ವೀಡಿಯೊ ಇಡಬಹುದು ನಿಜ. ಆದರೆ ಆಂಡ್ರಾಯ್ಡ್ ತಾನೇ ಒಳಗಿನ ಜಾಗದಲ್ಲಿ ಬಹಳಷ್ಟನ್ನು ಆಕ್ರಮಿಸಿಕೊಂಡಿರುತ್ತದೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಬರುವ ವೀಡಿಯೊಗಳು ಉಳಿದ ಜಾಗವನ್ನು ತುಂಬುತ್ತವೆ. ಒಳಗಿನ ಜಾಗ ತುಂಬುತ್ತಾ ಬಂದಂತೆ ಫೋನ್ ತಡವರಿಸುತ್ತದೆ, ಅಪ್‌ಡೇಟ್ ಇಳಿಸಿಕೊಳ್ಳಲೂ ಜಾಗವಿರುವುದಿಲ್ಲ. ಮೂರು ವರ್ಷದ ಹಿಂದೆ 64 ಸಾಕಾಗುತ್ತಿತ್ತು. ಈಗ ಅದನ್ನು ಕೇಳುವವರೇ ಇಲ್ಲ ಎಂದರು ಅಂಗಡಿಯವರು. ಇವತ್ತು ಕೊಳ್ಳುವಾಗ 128ಕ್ಕೂ 256ಕ್ಕೂ ಇದೇ ಲೆಕ್ಕ. ನಾನು ಮೇಲೆ ಹೇಳಿದ ಎ16ರಲ್ಲಿ 256 ಜಿಬಿಯದು 21,999 ಇತ್ತು, ಅಂದರೆ 3,000 ಹೆಚ್ಚು. ಆ 3,000 ಪೂರ್ತಿ ವಾಪಸು ಬರುವುದಿಲ್ಲ, ಒಂದು ಭಾಗ ಬರುತ್ತದೆ. ಜಾಗದ ತೊಂದರೆ ಇಲ್ಲದೆ ಮೂರು ವರ್ಷ ಬಳಸಿದ್ದು ಉಳಿದ ಭಾಗದ ಲಾಭ. ಒಳಗಿನ ಸಂಗ್ರಹವನ್ನು ಯಾವ ಅಂಗಡಿಯೂ ಆಮೇಲೆ ಸುಲಭವಾಗಿ ಹೆಚ್ಚಿಸಿಕೊಡಲಾರದು. ಒಡೆದ ಗಾಜನ್ನು ಬದಲಿಸಬಹುದು, ಬ್ಯಾಟರಿ ಬದಲಿಸಬಹುದು, ಇದನ್ನಲ್ಲ.

ರ‍್ಯಾಮ್ ವಿಷಯದಲ್ಲಿ ಒಂದು ಎಚ್ಚರಿಕೆ. ಡಬ್ಬಿಯ ಮೇಲೆ "8 ಜಿಬಿ + 8 ಜಿಬಿ" ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದರಲ್ಲಿ ಎರಡನೆಯ ಎಂಟು ನಿಜವಾದ ರ‍್ಯಾಮ್ ಅಲ್ಲ, ಸಂಗ್ರಹದಿಂದಲೇ ಎರವಲು ಪಡೆದದ್ದು. ವಿನಿಮಯದ ಪಟ್ಟಿಯಲ್ಲಿ ಅದಕ್ಕೆ ಒಂದು ಪೈಸೆ ಇಲ್ಲ.

ಮೂರನೆಯದು ನೆಟ್‌ವರ್ಕ್. ನಮ್ಮ ದೇಶದಲ್ಲಿ 5ಜಿ ಸೇವೆ ಆರಂಭವಾದದ್ದು 2022ರ ಅಕ್ಟೋಬರ್ 1ರಂದು, ಅಂದರೆ ಇವರು ಫೋನ್ ಕೊಂಡ ಐದು ತಿಂಗಳ ಮೇಲೆ. "ತಿಕೋಟಾಕ್ಕೆ ಅದೆಲ್ಲಿ ಬರುತ್ತದೆ" ಎಂದು ಆಪಾ 4ಜಿ ಫೋನನ್ನೇ ತೆಗೆದುಕೊಂಡಿದ್ದಳು. ಆದರೆ ಮರುಮಾರಾಟದಲ್ಲಿ ನೋಡುವುದು ನಿಮ್ಮ ಊರನ್ನಲ್ಲ, ಮುಂದೆ ಕೊಳ್ಳುವವನು ಏನು ಕೇಳುತ್ತಾನೆ ಎಂಬುದನ್ನು. ಈಗ ಕೊಳ್ಳುವವರಿಗೆ 5ಜಿ ಇದ್ದರೆ ಸಾಲದು, ಬ್ಯಾಂಡ್‌ಗಳನ್ನೂ ನೋಡಬೇಕು. ಜಿಯೋದ 5ಜಿ 700 ಮೆಗಾಹರ್ಟ್ಸ್ ತರಂಗವನ್ನೂ ಬಳಸುತ್ತದೆ. ಕಡಿಮೆ ಆವರ್ತನದ ತರಂಗ ದೂರ ಹೋಗುತ್ತದೆ, ಗೋಡೆಯನ್ನೂ ಚೆನ್ನಾಗಿ ದಾಟುತ್ತದೆ. ಹಳ್ಳಿಗಳಿಗೆ, ತೋಟದ ಮನೆಗಳಿಗೆ ಇದು ಮುಖ್ಯ. ವಿವರದ ಪಟ್ಟಿಯಲ್ಲಿ ಇದನ್ನು n28 ಎಂದೂ ನಗರಗಳಲ್ಲಿ ಹೆಚ್ಚು ಬಳಸುವುದನ್ನು n78 ಎಂದೂ ಬರೆದಿರುತ್ತಾರೆ. ಮೊದಮೊದಲು ಬಂದ ಕೆಲವು 5ಜಿ ಫೋನುಗಳಲ್ಲಿ n28 ಇರಲಿಲ್ಲ. ಎರಡೂ ಇರುವ ಫೋನನ್ನೇ ಕೊಳ್ಳಿ.

ಇನ್ನು ಬ್ಯಾಟರಿ. ಇದು ಅರ್ಧ ಕೊಳ್ಳುವಾಗ, ಅರ್ಧ ಬಳಸುವಾಗ ನಿರ್ಧಾರವಾಗುವ ವಿಷಯ. ಸೊನ್ನೆಯಿಂದ ನೂರರವರೆಗಿನ ಒಂದು ಪೂರ್ತಿ ಚಾರ್ಜನ್ನು ಒಂದು ಸುತ್ತು ಎನ್ನುತ್ತಾರೆ. ಐಫೋನ್ 14 ಮತ್ತು ಅದಕ್ಕಿಂತ ಹಳೆಯವುಗಳ ಬ್ಯಾಟರಿ 500 ಸುತ್ತುಗಳ ನಂತರ, 15ರಿಂದ ಮುಂದಿನವು 1000 ಸುತ್ತುಗಳ ನಂತರ ಮೂಲ ಶಕ್ತಿಯ ಶೇಕಡಾ 80ರಷ್ಟು ಉಳಿಸಿಕೊಳ್ಳುವಂತೆ ಮಾಡಿದ್ದೇವೆಂದು ಆ್ಯಪಲ್ ಹೇಳುತ್ತದೆ. ಯೂರೋಪಿನಲ್ಲಿ 2025ರ ಜೂನ್ 20ರಿಂದ ಮಾರಾಟಕ್ಕೆ ಬರುವ ಹೊಸ ಫೋನುಗಳಿಗೆ 800 ಸುತ್ತು ಕಡ್ಡಾಯವಾಗಿದೆ. ದಿನಕ್ಕೊಂದು ಪೂರ್ತಿ ಚಾರ್ಜ್ ಮಾಡಿದರೆ ಮೂರು ವರ್ಷಕ್ಕೆ 1,095 ಸುತ್ತು ಆಗುತ್ತದೆ. ಅದೇ ಫೋನ್ ಒಂದು ಚಾರ್ಜಿಗೆ ಒಂದೂವರೆ ದಿನ ಬಂದರೆ ಸುತ್ತು 730ಕ್ಕೆ ಇಳಿಯುತ್ತದೆ. ದೊಡ್ಡ ಬ್ಯಾಟರಿಯ, ಅಂದರೆ 5000 ಎಂಎಎಚ್ ಅಥವಾ ಹೆಚ್ಚಿನ ಫೋನ್ ಮೂರು ವರ್ಷದ ಬಳಿಕ ಚೆನ್ನಾಗಿ ಉಳಿಯುವುದಕ್ಕೆ ಇದೇ ಕಾರಣ. ಚಾರ್ಜ್ ಎಷ್ಟು ಬೇಗ ಆಗುತ್ತದೆ ಎಂಬುದಕ್ಕೆ ವಿನಿಮಯದಲ್ಲಿ ಬೆಲೆ ಇಲ್ಲ.

ಆಪಾಳ ಬ್ಯಾಟರಿ ಉಬ್ಬಿದ್ದಕ್ಕೆ ಸುತ್ತು ಮಾತ್ರ ಕಾರಣವಲ್ಲ ಎಂದು ನನ್ನ ಅನಿಸಿಕೆ. ದ್ರಾಕ್ಷಿ ಒಣಗಿಸುವ ಕಾಲದಲ್ಲಿ ಆಕೆ ಶೆಡ್ಡಿನಲ್ಲೇ ಇರುತ್ತಾಳೆ. ಫೋನನ್ನು ತಗಡಿನ ಬಳಿ ಚಾರ್ಜಿಗೆ ಹಾಕಿಟ್ಟು ಕೆಲಸ ಮಾಡುತ್ತಾಳೆ. 35 ಡಿಗ್ರಿ ಮೀರಿದ ವಾತಾವರಣದಲ್ಲಿ ಬ್ಯಾಟರಿಯ ಶಕ್ತಿ ಶಾಶ್ವತವಾಗಿ ಕುಗ್ಗಬಹುದೆಂದು ಆ್ಯಪಲ್ ತನ್ನ ಗ್ರಾಹಕರಿಗೆ ಎಚ್ಚರಿಸುತ್ತದೆ. ನಮ್ಮ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ದಾಟುತ್ತದೆ. ಬೇಸಿಗೆಯಲ್ಲಿ ನಸುಕಿನಲ್ಲೋ ರಾತ್ರಿಯೋ ಚಾರ್ಜ್ ಮಾಡಿ, ದಪ್ಪ ಕವರ್ ತೆಗೆದಿಡಿ. ಹಿಂಬದಿಯ ಮುಚ್ಚಳ ಅಂಚಿನಲ್ಲಿ ಕೂದಲೆಳೆಯಷ್ಟು ಎದ್ದಿದ್ದರೂ, ಪರದೆಯ ಒಂದು ಬದಿ ಮೇಲೆ ಬಂದಂತೆ ಕಂಡರೂ ಬ್ಯಾಟರಿ ಉಬ್ಬಿದೆ ಎಂದರ್ಥ. ಅದನ್ನು ಒತ್ತಿ ಕೂರಿಸಲು ಹೋಗಬೇಡಿ, ಬೆಂಕಿ ಹತ್ತುವ ಅಪಾಯವಿದೆ. ಮಾರುವ ಮುನ್ನ ಕಡಿಮೆ ದರದ ನಕಲಿ ಬ್ಯಾಟರಿ ಅಥವಾ ಪರದೆ ಹಾಕಿಸುವುದೂ ವ್ಯರ್ಥ. ನಕಲಿ ಪರದೆ ಬಣ್ಣದಲ್ಲೂ ಸ್ಪರ್ಶದಲ್ಲೂ ಪತ್ತೆಯಾಗುತ್ತದೆ, ಮೂಲ ಪರದೆಯಲ್ಲಿ ಗೀರು ಇರುವ ಫೋನಿಗಿಂತ ಕಡಿಮೆ ಬೆಲೆ ಬರುತ್ತದೆ.

ಈಗ ಇಬ್ಬರ ಪೂರ್ತಿ ಲೆಕ್ಕ ನೋಡೋಣ. ಆಪಾ 17,000 ಕೊಟ್ಟು 3,000 ಪಡೆದಳು, ಮೂರು ವರ್ಷದ ಖರ್ಚು 14,000. ತಂಗಿ 23,000 ಕೊಟ್ಟು 7,800 ಪಡೆದಳು, ಖರ್ಚು 15,200. ಕೊಂಡ ದಿನ ಆರು ಸಾವಿರದಷ್ಟಿದ್ದ ಅಂತರ ಕೊನೆಗೆ 1,200ಕ್ಕೆ ಬಂದು ನಿಂತಿತು. ತಿಂಗಳಿಗೆ 33 ರೂಪಾಯಿ. ಆದರೂ ನ್ಯಾಯವಾಗಿ ಹೇಳಬೇಕಾದರೆ ತಂಗಿ ಲಾಭ ಮಾಡಿಕೊಂಡಿಲ್ಲ, ಒಟ್ಟು ಖರ್ಚಿನಲ್ಲಿ ಆಪಾಳದೇ ಕಡಿಮೆ. ಆರು ಸಾವಿರ ಸಾಲ ಮಾಡಿ ದೊಡ್ಡ ಫೋನ್ ಕೊಳ್ಳಲು ಈ ಲೆಕ್ಕವನ್ನು ನೆಪ ಮಾಡಿಕೊಳ್ಳಬೇಡಿ. ನೀವು ಒಂದು ಫೋನನ್ನು ಐದಾರು ವರ್ಷ, ಪೂರ್ತಿ ಸವೆಯುವ ತನಕ ಬಳಸುವವರಾಗಿದ್ದರೆ ಮರುಮಾರಾಟದ ಚಿಂತೆಯೇ ಬೇಕಿಲ್ಲ.

ಆನ್‌ಲೈನ್‌ನಲ್ಲಿ ವಿನಿಮಯ ಮಾಡುವವರು ಒಂದನ್ನು ಗಮನಿಸಿ. ಅಲ್ಲಿ "ಎಕ್ಸ್‌ಚೇಂಜ್ ಬೋನಸ್" ಎಂದು ತೋರಿಸುವ ಮೊತ್ತ ನಿಮ್ಮ ಹಳೆಯ ಫೋನಿನ ಬೆಲೆಯಲ್ಲ, ಹೊಸ ಫೋನಿನ ಮೇಲಿನ ರಿಯಾಯಿತಿ. ಬೋನಸ್ ಕಳೆದು ಉಳಿದದ್ದನ್ನು ಅಂಗಡಿಯ ಬೆಲೆಯೊಡನೆ ಹೋಲಿಸಿ. ನಿಮ್ಮ ಪಿನ್‌ಕೋಡಿಗೆ ಆ ಸೌಲಭ್ಯವಿದೆಯೇ ಎಂಬುದನ್ನೂ ಮೊದಲೇ ನೋಡಿ.

ನಮ್ಮ ಮನೆಗಳಲ್ಲಿ ಹಳೆಯ ಫೋನ್ ವಿನಿಮಯಕ್ಕೆ ಹೋಗದೆ ಟ್ರಂಕಿನಲ್ಲಿ ಉಳಿಯುವುದಕ್ಕೆ ಬೇರೆಯೇ ಒಂದು ಕಾರಣವಿದೆ. ಮನೆಯ ಹೆಣ್ಣುಮಕ್ಕಳ ಫೋಟೊಗಳು ಪರರ ಕೈಗೆ ಹೋದರೆ ಎಂಬ ಭಯ. ಆಪಾಳೂ ಒಂದು ವರ್ಷ ಇದೇ ಭಯದಲ್ಲಿ ಹಿಂದುಮುಂದು ನೋಡಿದಳು. ಅಷ್ಟರಲ್ಲಿ ಬೆಲೆ ಇನ್ನಷ್ಟು ಇಳಿಯಿತು. ಈ ಭಯ ಹಿಂದೆ ಸರಿಯಾಗಿಯೇ ಇತ್ತು. ಆದರೆ 2019ರ ಆಂಡ್ರಾಯ್ಡ್ 10ರೊಂದಿಗೆ ಅಥವಾ ಅದರ ನಂತರದ ಆವೃತ್ತಿಯೊಂದಿಗೆ ಬಂದ ಫೋನುಗಳಲ್ಲಿ ಒಳಗಿನ ಮಾಹಿತಿಯೆಲ್ಲ ಗೂಢಲಿಪಿಯಲ್ಲೇ ಇರುತ್ತದೆ. ಪೂರ್ತಿ ರೀಸೆಟ್ ಮಾಡಿದಾಗ ಅದನ್ನು ಬಿಡಿಸುವ ಕೀಲಿಯೇ ನಾಶವಾಗುತ್ತದೆ. ಕೀಲಿ ಇಲ್ಲದ ಮೇಲೆ ಉಳಿದದ್ದು ಯಾರ ಉಪಯೋಗಕ್ಕೂ ಬಾರದು. ಒಂದೊಂದೇ ಫೋಟೊ ಅಳಿಸುತ್ತಾ ಕೂರುವುದಕ್ಕಿಂತ ಇದು ಎಷ್ಟೋ ಸುರಕ್ಷಿತ. ಮೆಮೊರಿ ಕಾರ್ಡಿಗೆ ಮಾತ್ರ ಈ ಮಾತು ಅನ್ವಯಿಸದು, ಅದನ್ನು ತೆಗೆದು ಮನೆಯಲ್ಲೇ ಇಟ್ಟುಕೊಳ್ಳಿ. ಬೇಕಾದ ಫೋಟೊಗಳನ್ನು ಬೇರೆಡೆಗೆ ನಕಲಿಸಿಕೊಂಡು, Settings ಒಳಗೆ ನಿಮ್ಮ ಗೂಗಲ್ ಖಾತೆಯನ್ನು ಮೊದಲು ತೆಗೆದುಹಾಕಿ, ಆಮೇಲೆ Factory reset ಮಾಡಿ. ಈ ಕ್ರಮ ಹಿಂದುಮುಂದಾದರೆ ಫೋನ್ ಮತ್ತೆ ತೆರೆದಾಗ ನಿಮ್ಮ ಹಳೆಯ ಪಾಸ್‌ವರ್ಡ್ ಕೇಳಬಹುದು, ಹಾಗಾದರೆ ಕೊಳ್ಳುವವರು ಅದನ್ನು ಮುಟ್ಟುವುದಿಲ್ಲ. ಈ ಕೆಲಸವನ್ನು ಅಂಗಡಿಯ ಹುಡುಗನ ಕೈಗೆ ಕೊಡದೆ ಮನೆಯಲ್ಲೇ ಮುಗಿಸಿ.

ಆಪಾ ಆ ದಿನ ಹೊಸ ಫೋನ್ ಆರಿಸುವಾಗ ಕ್ಯಾಮೆರಾದ ಮಾತೇ ಎತ್ತಲಿಲ್ಲ. "ಇದ ಯಾವ ತಿಂಗಳ ಬಂದೈತ್ರಿ?" ಎಂದು ಮೂರು ಫೋನುಗಳಿಗೂ ಕೇಳಿದಳು. ಮೂರನೆಯದು ಏಳು ತಿಂಗಳ ಹಿಂದೆ ಬಂದದ್ದು, ಆರು ವರ್ಷದ ಅಪ್‌ಡೇಟ್, 256 ಜಿಬಿ. ಅದನ್ನೇ ತೆಗೆದುಕೊಂಡಳು. ಬಿಲ್ಲನ್ನು ಮಡಚಿ ಡಬ್ಬಿಯೊಳಗೆ ಇಟ್ಟು, ಡಬ್ಬಿಯನ್ನು ಹಳೆಯ ಫೋನ್ ಇರುತ್ತಿದ್ದ ಟ್ರಂಕಿನಲ್ಲೇ ಇಟ್ಟಿದ್ದಾಳೆ. ಚಾರ್ಜರ್ ಹಾಕುವ ಜಾಗವನ್ನು ಶೆಡ್ಡಿನಿಂದ ಅಡುಗೆಮನೆಯ ತಂಪು ಗೋಡೆಗೆ ಬದಲಿಸಿದ್ದಾಳೆ.